ಹೊಸ ಚಾಲಕರಿಗೆ ಯಾವ ಗೇರು?

ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿ ಟ್ರಾಫಿಕ್ ತೆವಳುವಾಗ ಎಡಗಾಲು ಕ್ಲಚ್ ಬಿಟ್ಟು ಏಳುವುದೇ ಇಲ್ಲ. ಹೊಸಬರ ಗಾಡಿ ಆಫ್ ಆಗುವುದೂ ಅಲ್ಲೇ. ಇದಕ್ಕೆ ಅಗ್ಗದ ಪರಿಹಾರ ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಜತೆ ನಮ್ಮಲ್ಲಿಗೆ ಬಂದ ಇದರಲ್ಲಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ. ಹಾಗಾಗಿ ಮೈಲೇಜ್ ಮ್ಯಾನುಯಲ್‌ಗೆ ಹೆಚ್ಚುಕಡಿಮೆ ಸಮ. ಬೆಲೆ ಸುಮಾರು 50 ಸಾವಿರ ರೂಪಾಯಿ ಜಾಸ್ತಿ. ಗೇರು ಬದಲಾಗುವಾಗ ಸಣ್ಣ ಜಗ್ಗು ಇರುತ್ತದೆ, ಅದು ರೂಢಿಯಾಗುತ್ತದೆ. ಆದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಅಲ್ಲಿ ಬ್ರೇಕನ್ನೇ ಒತ್ತಿರಬೇಕು. ಮರುಮಾರಾಟದಲ್ಲಿ ಬೆಂಗಳೂರಿನಂಥ ಕಡೆ ಆಟೊಮ್ಯಾಟಿಕ್‌ಗೆ ಗಿರಾಕಿ ಸಿಗುತ್ತಾರೆ, ಸಣ್ಣ ಊರಲ್ಲಿ ಮ್ಯಾನುಯಲ್ ಬೇಗ ಹೋಗುತ್ತದೆ. ದಿನವೂ ನಗರದಲ್ಲಿ ಓಡಿಸುವವರು ಎಎಂಟಿ ಕೊಳ್ಳಿ. ಡ್ರೈವಿಂಗ್ ಮಾತ್ರ ಮ್ಯಾನುಯಲ್‌ನಲ್ಲೇ ಕಲಿಯಿರಿ.