ವೃಷಭದ ಮೂರನೇ ಡಿಗ್ರಿಯ ಚಂದ್ರ

ಚಂದ್ರನಿಗೆ ವೃಷಭ ರಾಶಿ ಉಚ್ಚ, ಅದರಲ್ಲೂ 3ನೇ ಡಿಗ್ರಿ ಪರಮೋಚ್ಚ ಎಂಬುದು ಜಾತಕ ನೋಡುವವರಿಗೆಲ್ಲ ಬಾಯಿಪಾಠ. ಈ ಲೆಕ್ಕದ ಬೇರು ಹುಡುಕುತ್ತಾ ಹೋದರೆ ಸಿಗುವುದು ಇಂದಿನ ಇರಾಕ್‌ನ ಮಣ್ಣಿನ ಫಲಕಗಳು.

ಬ್ಯಾಬಿಲೋನಿಯಾದ ಶಕುನಗಾರರು ಮೊದಲು ಆಕಾಶ ನೋಡುತ್ತಿದ್ದದ್ದು ರಾಜನಿಗಾಗಿ. ಗ್ರಹಣವಾದರೆ ದೊರೆಗೆ ಕೇಡೇ, ಮಳೆ-ಬೆಳೆ ಹೇಗೆ ಎಂಬಂಥ ಸಾವಿರಾರು ಶಕುನಗಳು ‘ಎನೂಮ ಅನು ಎನ್ಲಿಲ್’ ಎಂಬ ಸುಮಾರು 70 ಫಲಕಗಳ ಸಂಗ್ರಹದಲ್ಲಿವೆ. ಪ್ರತಿ ಗ್ರಹಕ್ಕೂ ಆಕಾಶದಲ್ಲಿ ಒಂದು ‘ಗುಟ್ಟಿನ ತಾಣ’ ಉಂಟೆಂದು ಅವರು ನಂಬಿದ್ದರು, ಕ್ರಿ.ಪೂ. 7ನೇ ಶತಮಾನದ ಅಸ್ಸೀರಿಯಾದ ದೊರೆ ಎಸರ್‌ಹದ್ದೋನನ ಶಾಸನಗಳಲ್ಲೇ ಆ ಮಾತು ಬರುತ್ತದೆ. ಉರುಕ್ ಪಟ್ಟಣದ ಫಲಕವೊಂದರಲ್ಲಿ ಚಂದ್ರನ ತಾಣವನ್ನು ಗೀರಿ ತೋರಿಸಿದ್ದಾರೆ: ಒಂದು ಕಡೆ ಏಳು ನಕ್ಷತ್ರ, ನಡುವೆ ಚಂದ್ರಬಿಂಬ, ಇನ್ನೊಂದು ಕಡೆ ಗೂಳಿ. ಆ ಏಳು ನಕ್ಷತ್ರಗಳೇ ನಮ್ಮ ಕೃತ್ತಿಕೆ.

ಆಕಾಶವನ್ನು ತಲಾ 30 ಡಿಗ್ರಿಯ 12 ರಾಶಿಗಳಾಗಿ ಹಂಚಿದವರೂ ಅವರೇ. ಸಾಮಾನ್ಯರ ಹುಟ್ಟಿಗೆ ಗ್ರಹಸ್ಥಿತಿ ಬರೆದಿಟ್ಟ, ಈವರೆಗೆ ಸಿಕ್ಕಿರುವ ಅತಿ ಹಳೆಯ ಜಾತಕಗಳು ಕ್ರಿ.ಪೂ. 410ರವು. ಆದರೆ ಅವುಗಳಲ್ಲಿ ಲಗ್ನವಿಲ್ಲ. ಹುಟ್ಟಿದ ಗಳಿಗೆಯಲ್ಲಿ ಪೂರ್ವದಲ್ಲಿ ಮೂಡುತ್ತಿರುವ ರಾಶಿಯಿಂದ ಎಣಿಸಿ 12 ಭಾವಗಳನ್ನು ಹೂಡುವ ಕ್ರಮ ಬೆಳೆದದ್ದು ಅಲೆಕ್ಸಾಂಡರನ ನಂತರ, ಗ್ರೀಕ್ ಮಾತನಾಡುವ ಈಜಿಪ್ಟಿನಲ್ಲಿ. ಬ್ಯಾಬಿಲೋನಿನ ‘ಗುಟ್ಟಿನ ತಾಣ’ ಅಲ್ಲಿ ‘ಉನ್ನತಿ’ಯಾಗಿ, ಅದಕ್ಕೊಂದು ನಿಖರ ಡಿಗ್ರಿಯೂ ಬಂತು.

ರೋಮನ್ ಸಾಮ್ರಾಜ್ಯದೊಡನೆ ಕಡಲ ವ್ಯಾಪಾರ ಜೋರಾಗಿದ್ದ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಯವನರು ಪಶ್ಚಿಮ ಭಾರತದಲ್ಲಿ ನೆಲೆಸಿದ್ದರು. ಕಾರ್ಲೆ ಗುಹೆಗಳಲ್ಲಿ ಅವರ ದಾನಶಾಸನಗಳಿವೆ. ಗ್ರೀಕ್ ಜಾತಕಶಾಸ್ತ್ರವನ್ನು ಸಂಸ್ಕೃತದ ಪದ್ಯಕ್ಕೆ ತಂದ ಸ್ಫುಜಿಧ್ವಜನ ‘ಯವನಜಾತಕ’ ಈ ಸಂಪರ್ಕದ ಫಲ. ಅದು ಕ್ರಿ.ಶ. 269–70ರ ಕೃತಿ ಎಂದು ಡೇವಿಡ್ ಪಿಂಗ್ರೀ ಹೇಳಿದ್ದರು. ಹಸ್ತಪ್ರತಿಯನ್ನು ಮತ್ತೆ ಓದಿದ ಬಿಲ್ ಮಾಕ್ 2013ರಲ್ಲಿ ಆ ಕಾಲನಿರ್ಣಯವನ್ನು ಪ್ರಶ್ನಿಸಿದರು. ಕಾಲದ ಬಗ್ಗೆ ತಕರಾರಿದ್ದರೂ ಎರವಲಿನ ಬಗ್ಗೆ ಅನುಮಾನ ಉಳಿಯುವುದಿಲ್ಲ. ಹೋರಾ, ಕೇಂದ್ರ, ಪಣಫರ, ದ್ರೇಕ್ಕಾಣ ಎಲ್ಲವೂ ಗ್ರೀಕ್ ಪದಗಳು. ಅದಕ್ಕಿಂತ ಗಟ್ಟಿ ಸಾಕ್ಷಿ ಉಚ್ಚಗಳ ಪಟ್ಟಿ: ಚಂದ್ರನಿಗೆ ವೃಷಭದ 3, ಕುಜನಿಗೆ ಮಕರದ 28, ಶುಕ್ರನಿಗೆ ಮೀನದ 27, ಬುಧನಿಗೆ ಕನ್ಯಾದ 15 ಡಿಗ್ರಿ ಎರಡೂ ಕಡೆ ಒಂದೇ. ಇಷ್ಟು ಸಂಖ್ಯೆಗಳು ಕಾಕತಾಳೀಯವಾಗಿ ಹೊಂದುವುದಿಲ್ಲ. ಸೂರ್ಯನಿಗೆ ಗ್ರೀಕರು ಮೇಷದ 19 ಎಂದರೆ ನಮ್ಮವರು 10 ಎನ್ನುತ್ತಾರೆ. 6ನೇ ಶತಮಾನದ ವರಾಹಮಿಹಿರನಿಗೆ ಈ ಸಾಲ ಮುಚ್ಚಿಡುವ ವಿಷಯವೇ ಆಗಿರಲಿಲ್ಲ. ಈ ವಿದ್ಯೆ ಬಲ್ಲ ಯವನರು ಮ್ಲೇಚ್ಛರಾದರೂ ಋಷಿಗಳಂತೆ ಪೂಜ್ಯರು ಎಂದೇ ಬರೆದ.

ಆದರೆ ರಾಶಿಗಳು ಬರುವ ಹೊತ್ತಿಗೆ ಇಲ್ಲಿನ ಆಕಾಶ ಖಾಲಿಯಾಗಿರಲಿಲ್ಲ. ವೈದಿಕ ಕಾಲದಿಂದಲೂ ಚಂದ್ರನ ದಾರಿಯನ್ನು ನಕ್ಷತ್ರಗಳಿಂದ ಅಳೆಯುತ್ತಿದ್ದರು. ‘ವೇದಾಂಗ ಜ್ಯೋತಿಷ’ದಲ್ಲಿ 27 ನಕ್ಷತ್ರಗಳಿವೆ, ರಾಶಿಗಳಿಲ್ಲ. ಹೊಸ 12ನ್ನೂ ಹಳೆಯ 27ನ್ನೂ ಹೊಂದಿಸಿದ್ದು ನವಾಂಶ. ರಾಶಿಯನ್ನು ಒಂಬತ್ತು ಮಾಡಿದರೂ ನಕ್ಷತ್ರವನ್ನು ನಾಲ್ಕು ಪಾದ ಮಾಡಿದರೂ ಸಿಗುವುದು 3 ಡಿಗ್ರಿ 20 ಕಲೆಯೇ. ಎರಡು ಲೆಕ್ಕಕ್ಕೂ ಒಟ್ಟು 108 ತುಂಡು.

ಪರಮೋಚ್ಚದ ಚಂದ್ರನನ್ನೇ ತೆಗೆದುಕೊಂಡರೆ, ಮೇಷದ ಆದಿಯಿಂದ ಅವನು 33 ಡಿಗ್ರಿಯಲ್ಲಿದ್ದಾನೆ. ಕೃತ್ತಿಕೆ 26 ಡಿಗ್ರಿ 40 ಕಲೆಗೆ ಶುರುವಾಗುವುದರಿಂದ ಅವನಿರುವುದು ಕೃತ್ತಿಕೆಯ 2ನೇ ಪಾದದಲ್ಲಿ, ಅಂದರೆ ಮಕರ ನವಾಂಶದಲ್ಲಿ. ಉರುಕ್‌ನ ಫಲಕದ ಅದೇ ನಕ್ಷತ್ರಗುಚ್ಛ! ಆದರೆ ಇಲ್ಲಿಂದ ಮುಂದಿನದು ಭಾರತದ್ದೇ ದಾರಿ. ವಿಂಶೋತ್ತರಿ ದಶೆಯಲ್ಲಿ ಕೃತ್ತಿಕೆಗೆ ರವಿ ಅಧಿಪತಿ, ಅವನ ಅವಧಿ 6 ವರ್ಷ. ನಕ್ಷತ್ರದ 13 ಡಿಗ್ರಿ 20 ಕಲೆಯಲ್ಲಿ ಚಂದ್ರನಿಗೆ ಇನ್ನು 7 ಡಿಗ್ರಿ ಬಾಕಿ. ಹಾಗಾಗಿ ಹುಟ್ಟಿದ ಮಗುವಿಗೆ ಉಳಿದ ರವಿದಶೆ 3 ವರ್ಷ 1 ತಿಂಗಳು 24 ದಿನ. ಜನ್ಮನಕ್ಷತ್ರದಿಂದ ಆಯುಷ್ಯದ 120 ವರ್ಷವನ್ನು ಹೀಗೆ ಹಂಚುವ ಪದ್ಧತಿ ಗ್ರೀಕರಲ್ಲಿಲ್ಲ.

ಮೇಷ ಎಲ್ಲಿಂದ ಶುರು ಎಂಬಲ್ಲೂ ದಾರಿ ಕವಲೊಡೆಯಿತು. ಟಾಲೆಮಿ ಅದನ್ನು ವಸಂತ ವಿಷುವಕ್ಕೆ ಕಟ್ಟಿದ. ಭಾರತದ ಪಂಚಾಂಗಗಳು ನಕ್ಷತ್ರಗಳನ್ನೇ ಹಿಡಿದು ನಿರಯನವಾಗಿ ಉಳಿದವು. ವಿಷುವ ನಿಧಾನಕ್ಕೆ ಹಿಂದೆ ಸರಿಯುವುದರಿಂದ ಇವೆರಡರ ಅಂತರ, ಅಂದರೆ ಅಯನಾಂಶ, ಈಗ ಸುಮಾರು 24 ಡಿಗ್ರಿ. ಸೂರ್ಯ ಡಿಸೆಂಬರ್ 21–22ಕ್ಕೆ ಉತ್ತರಕ್ಕೆ ತಿರುಗಿದರೂ ಮಕರ ಸಂಕ್ರಾಂತಿ ಜನವರಿ 14ರ ಹೊತ್ತಿಗೆ ಬರುವುದು ಇದರಿಂದಲೇ. ಅಯನಾಂಶ ಎಷ್ಟೆಂಬುದರಲ್ಲೂ ಒಮ್ಮತವಿಲ್ಲ. ಬೆಂಗಳೂರಿನ ಬಿ.ವಿ. ರಾಮನ್ ಬಳಸಿದ ಅಯನಾಂಶ, ಪ್ರಚಲಿತ ಲಾಹಿರಿಗಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಲಾಹಿರಿ ಲೆಕ್ಕದಲ್ಲಿ ವೃಷಭದ 3ನೇ ಡಿಗ್ರಿಯಲ್ಲಿರುವ ಚಂದ್ರ ರಾಮನ್ ಲೆಕ್ಕಕ್ಕೆ ನಾಲ್ಕೂವರೆಗೆ ಸರಿದು 3ನೇ ಪಾದ ಸೇರುತ್ತಾನೆ. ನವಾಂಶ ಮಕರದಿಂದ ಕುಂಭಕ್ಕೆ ಹೋಗುತ್ತದೆ, ರವಿದಶೆ ಸುಮಾರು ಎಂಟು ತಿಂಗಳು ಮುಂಚೆಯೇ ಮುಗಿಯುತ್ತದೆ.