'ನಮ್ಮ ರಿಸ್ಕಲ್ಲಿ ಕರ್ಕೊಂಡು ಹೋಗ್ತೀವಿ' ಅಂತ ಸೈನ್ ಹಾಕೋ ಮುಂಚೆ: ಆ ಇಂಗ್ಲಿಷ್ ಫಾರ್ಮ್‌ನಲ್ಲಿ ನಿಜಕ್ಕೂ ಏನಿದೆ?

ಡಾಕ್ಟರ್ 'ಇನ್ನೂ ಎರಡು ದಿನ ಇರಿ' ಅಂತಾರೆ. ನಾವು 'ಇಲ್ಲ ಸಾರ್, ಮನೆಗೆ ಹೋಗ್ತೀವಿ' ಅಂತೀವಿ. ಆಗ ಸಿಸ್ಟರ್ ಒಂದು ಫಾರ್ಮ್ ತಂದು 'ಇಲ್ಲೊಂದು ಸೈನ್ ಹಾಕಿ' ಅಂತಾರೆ. ಆಸ್ಪತ್ರೆಯವರು ಇದನ್ನ 'ಡಾಮಾ' ಅಥವಾ 'ಲಾಮಾ' ಅಂತ ಕರೀತಾರೆ. ಡಾಕ್ಟರ್ ಸಲಹೆ ಮೀರಿ ಡಿಸ್ಚಾರ್ಜ್ ಆಗೋದು ಅಂತ ಅರ್ಥ. ಫಾರ್ಮ್ ಇಂಗ್ಲಿಷಲ್ಲಿ ಇರುತ್ತೆ. ಓದೋರು ಕಮ್ಮಿ, ಸೈನ್ ಹಾಕೋರೇ ಜಾಸ್ತಿ.

ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನಿಗೆ ಡೆಂಗ್ಯೂ ಬಂದು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ವಿ. ಶನಿವಾರ ಸಂಜೆ ಶುರುವಾದ ಜ್ವರ ಬುಧವಾರ ಬೆಳಿಗ್ಗೆ ಬಿಟ್ಟಿತ್ತು. ಅಂಗಡಿ ಬಾಗಿಲು ಹಾಕಿ ನಾಲ್ಕು ದಿನ ಆಗಿತ್ತು, ಮಾರನೇ ದಿನ ಸಂತೆ. 'ಜ್ವರಾನೇ ಇಲ್ಲ ಕಣೋ, ಸುಮ್ನೆ ಯಾಕೆ ಬಿಲ್ ಬೆಳೆಸೋದು' ಅಂತ ಚಿಕ್ಕಪ್ಪ ಹಠ ಹಿಡಿದ್ರು. ಫಾರ್ಮ್ ಬಂತು. ಓದಿ ಹೇಳೋ ಕೆಲಸ ನನಗೆ ಬಿತ್ತು.

ನಾನು ಮೊದಲು ಹೇಳಿದ್ದು

ಇದ್ದದ್ದನ್ನ ಇದ್ದ ಹಾಗೇ ಕನ್ನಡ ಮಾಡಿದೆ. 'ವೈದ್ಯಕೀಯ ಸಲಹೆಗೆ ವಿರುದ್ಧವಾಗಿ ನಾನು ಆಸ್ಪತ್ರೆಯಿಂದ ಬಿಡುಗಡೆ ಹೊಂದುತ್ತಿದ್ದೇನೆ. ಇದರಿಂದ ಉಂಟಾಗಬಹುದಾದ ತೊಡಕುಗಳು ಹಾಗೂ ಪ್ರಾಣಾಪಾಯದ ಬಗ್ಗೆ ನನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಲಾಗಿದೆ. ಮುಂದಿನ ಪರಿಣಾಮಗಳಿಗೆ ನಾನೇ ಜವಾಬ್ದಾರ.'

ಚಿಕ್ಕಪ್ಪ 'ಆಯ್ತು, ಪೆನ್ನು ಕೊಡು' ಅಂದ್ರು.

ಒಂದು ಪದವೂ ತಪ್ಪಿರಲಿಲ್ಲ. ಆದ್ರೆ ಅವರಿಗೆ ತಿಳಿದಿದ್ದು ಏನೂ ಇಲ್ಲ. ಕಾಲು ಮುರಿದವರಿಗೂ ಇದೇ ಸಾಲು, ಎದೆನೋವಿನವರಿಗೂ ಇದೇ ಸಾಲು. ಡೆಂಗ್ಯೂ ಬಂದು ಐದನೇ ದಿನ ಎದ್ದು ಹೋದ್ರೆ ಏನಾಗಬಹುದು ಅನ್ನೋದು ಅದರಲ್ಲಿ ಎಲ್ಲೂ ಇರಲಿಲ್ಲ. 'ತೊಡಕುಗಳು' ಅನ್ನೋ ಜಾಗಕ್ಕೆ ಬರಬೇಕಾದ ಮಾತು ಫಾರ್ಮ್‌ನಲ್ಲಿ ಇರಲ್ಲ, ಅದನ್ನ ಡಾಕ್ಟರ್ ಬಾಯಿಂದಲೇ ಕೇಳಬೇಕು. ಹಾಗಾಗಿ ಡ್ಯೂಟಿ ಡಾಕ್ಟರ್ ಹತ್ತಿರ ಹೋದೆ.

ಜ್ವರ ಬಿಟ್ಟಾಗಲೇ ಹುಷಾರಾಗಿರಬೇಕು

ಅವರು ಹೇಳಿದ್ದು ಕೇಳಿ ನನಗೇ ಆಶ್ಚರ್ಯ ಆಯ್ತು. ಬೇರೆ ಜ್ವರ ಇಳಿದ್ರೆ ವಾಸಿ ಅಂತ ಲೆಕ್ಕ. ಡೆಂಗ್ಯೂನಲ್ಲಿ ಹಾಗಲ್ಲ. ಜ್ವರ ಶುರುವಾಗಿ ಮೂರರಿಂದ ಏಳನೇ ದಿನದ ಒಳಗೆ ಅದು ಇಳಿಯುತ್ತೆ, ಅಪಾಯದ ಸಮಯ ಶುರುವಾಗೋದೂ ಆಗಲೇ. ಸಾಮಾನ್ಯವಾಗಿ 24ರಿಂದ 48 ಗಂಟೆ ಇರುತ್ತೆ. ಆ ಹೊತ್ತಲ್ಲಿ ಕೆಲವರಿಗೆ ರಕ್ತದಲ್ಲಿರೋ ನೀರಿನಂಶ ರಕ್ತನಾಳದಿಂದ ಸೋರಿ ಹೊಟ್ಟೆಗೆ, ಎದೆಗೆ ಸೇರುತ್ತೆ. ಉಳಿದ ರಕ್ತ ಗಟ್ಟಿಯಾಗುತ್ತೆ, ಬಿಪಿ ಬಿದ್ದುಹೋಗುತ್ತೆ. ನಾವೆಲ್ಲ ಪ್ಲೇಟ್ಲೆಟ್ ಎಷ್ಟು ಅಂತ ಮಾತ್ರ ಕೇಳ್ತೀವಿ. ಆದ್ರೆ ಡಾಕ್ಟರು ಬಿಪಿ, ಮೂತ್ರ, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸೋ ಪಿಸಿವಿ, ಎಲ್ಲಾ ಪದೇ ಪದೇ ನೋಡ್ತಿರ್ತಾರೆ. ಸೋರೋದು ಬೇಗ ಗೊತ್ತಾದ್ರೆ ಡ್ರಿಪ್ ಹಾಕಿ ಸರಿಮಾಡಬಹುದು. ಅದಕ್ಕೇ 'ಇನ್ನೆರಡು ದಿನ' ಅಂದಿದ್ದು.

ಎರಡನೇ ಸಲ ಬರೆದಿದ್ದು

ಅದನ್ನೆಲ್ಲ ಕೇಳ್ಕೊಂಡು ಫಾರ್ಮ್‌ನ ಹಿಂದೆ ಕನ್ನಡದಲ್ಲಿ ಬರೆದೆ. ಡಾಕ್ಟರಿಗೆ ಓದಿ ತೋರಿಸಿ, ತಪ್ಪಿದ್ದರೆ ತಿದ್ದಿ ಅಂದೆ. ಕೊನೆಗೆ ಹೀಗಾಯ್ತು:

'ನನಗೆ ಡೆಂಗ್ಯೂ. ಇವತ್ತು ಐದನೇ ದಿನ. ಡಾಕ್ಟರ್ ಇನ್ನೂ ಎರಡು ದಿನ ಇರಬೇಕು ಅಂದಿದ್ದಾರೆ. ನಾನು ಇವತ್ತೇ ಹೋಗ್ತಿದ್ದೇನೆ. ಜ್ವರ ಬಿಟ್ಟಿದ್ದರೂ ಮುಂದಿನ ಎರಡು ದಿನವೇ ಅಪಾಯದ್ದು. ಹೆಚ್ಚಿನವರಿಗೆ ಏನೂ ಆಗಲ್ಲ. ಆಗುವವರಿಗೆ ಕೆಲವೇ ಗಂಟೆಯಲ್ಲಿ ಬಿಪಿ ಬಿದ್ದು ಜೀವ ಹೋಗಬಹುದು. ಇಲ್ಲಿದ್ದರೆ ಅದನ್ನು ಬೇಗ ಕಂಡುಹಿಡಿಯುತ್ತಾರೆ. ಮನೆಯಲ್ಲಿ ಕಂಡುಹಿಡಿಯೋದು ಕಷ್ಟ. ತುಂಬಾ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗೋದು, ವಿಪರೀತ ಸುಸ್ತು ಅಥವಾ ಚಡಪಡಿಕೆ, ನಾಲ್ಕಾರು ಗಂಟೆ ಮೂತ್ರ ಬಾರದೇ ಇರೋದು, ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಬರಬೇಕು.'

ಎರಡಕ್ಕೂ ವ್ಯತ್ಯಾಸ ನೋಡಿ. 'ಸಲಹೆಗೆ ವಿರುದ್ಧವಾಗಿ' ಅಂದ್ರೆ ಡಾಕ್ಟರ್ ಜೊತೆ ಜಗಳ ಆಡಿದ ಹಾಗೆ ಕೇಳುತ್ತೆ. 'ಅವರು ಇರಿ ಅಂದ್ರು, ನಾನು ಹೋಗ್ತಿದ್ದೇನೆ' ಅಂದ್ರೆ ವಿಷಯ ಅಷ್ಟೇ ಉಳಿಯುತ್ತೆ. 'ಪ್ರಾಣಾಪಾಯ' ಅನ್ನೋದು ಕೇಳಿ ಕೇಳಿ ಸವೆದುಹೋದ ಪದ, 'ಜೀವ ಹೋಗಬಹುದು' ಅಂದ್ರೆ ಕಿವಿಗೆ ಬೀಳುತ್ತೆ. ಹಾಗಂತ ಬರೀ ಹೆದರಿಸೋದೂ ತಪ್ಪು. ಹೆಚ್ಚಿನವರು ಹುಷಾರಾಗ್ತಾರೆ ಅನ್ನೋ ಮಾತನ್ನ ಬಿಟ್ಟಿದ್ರೆ ಅದೂ ಅರ್ಧ ಸತ್ಯವೇ ಆಗ್ತಿತ್ತು.

ಓದಿ ಆದ ಮೇಲೆ 'ಅರ್ಥ ಆಯ್ತಾ' ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. 'ಮನೆಗೆ ಹೋದ ಮೇಲೆ ಏನಾದ್ರೆ ವಾಪಸ್ ಬರ್ತೀರಿ, ನೀವೇ ಹೇಳಿ' ಅಂತ ಕೇಳಿ. ಚಿಕ್ಕಪ್ಪ ಮೊದಲು 'ಜ್ವರ ಬಂದ್ರೆ' ಅಂದ್ರು. ಅಲ್ಲಿಗೆ ಗೊತ್ತಾಯ್ತು, ಮುಖ್ಯವಾದದ್ದೇ ತಲೆಗೆ ಹೋಗಿಲ್ಲ ಅಂತ. ಇನ್ನೊಂದು ಸಲ ಓದಿದೆ.

ಸೈನ್ ಯಾವುದಕ್ಕೆ, ಯಾವುದಕ್ಕಲ್ಲ

'ನಾನೇ ಜವಾಬ್ದಾರ' ಅನ್ನೋ ಸಾಲಿಗೆ ತುಂಬಾ ಜನ ಹೆದರ್ತಾರೆ. ಬೇಗ ಹೋಗಿದ್ದರಿಂದ ಆಗೋ ತೊಂದರೆಗೆ ಮಾತ್ರ ಅದು. ಒಳಗಿದ್ದಾಗ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಆಗಿದ್ರೆ ಅದನ್ನ ಪ್ರಶ್ನಿಸೋ ಹಕ್ಕು ಈ ಸೈನಿನಿಂದ ಹೋಗಲ್ಲ. ಸೈನ್ ಹಾಕಿದ್ರೆ ಮತ್ತೆ ಸೇರಿಸ್ಕೊಳ್ಳಲ್ಲ ಅನ್ನೋ ಮಾತೂ ಇದೆ. ಫಾರ್ಮ್‌ನಲ್ಲಿ ಅಂಥದ್ದೇನೂ ಇರಲ್ಲ. ನಾಚಿಕೆಯಿಂದ ವಾಪಸ್ ಹೋಗದೆ ಕೂರೋದೇ ದೊಡ್ಡ ಅಪಾಯ.

ರೋಗಿ ದೊಡ್ಡವರಾಗಿದ್ದು, ಪ್ರಜ್ಞೆ ಸರಿಯಿದ್ರೆ ತೀರ್ಮಾನ ಅವರದ್ದು, ಸೈನೂ ಅವರದ್ದೇ ಆಗಬೇಕು. ನಮ್ಮ ಕಡೆ ಮಗನೋ ಅಳಿಯನೋ ಹಾಕಿಬಿಡ್ತಾರೆ, ಮಂಚದ ಮೇಲಿದ್ದವರಿಗೆ ಗೊತ್ತೇ ಇರಲ್ಲ. ಹೆಬ್ಬೆಟ್ಟು ಒತ್ತುವವರಿಗೆ ಪೂರ್ತಿ ಓದಿ ಹೇಳಿ, ಓದಿದವರೂ ಹೆಸರು ಬರೆದು ಸೈನ್ ಮಾಡಬೇಕು. ಕಾಯಿಲೆ, ಅಪಾಯ ಅನ್ನೋ ಜಾಗ ಖಾಲಿ ಇದ್ದರೆ ತುಂಬಿಸದೆ ಸೈನ್ ಹಾಕಬೇಡಿ. ತಾರೀಖಿನ ಜೊತೆ ಗಂಟೆನೂ ಬರೆಸಿ.

ಹೊರಡೋವಾಗ ಬರಿಗೈಯಲ್ಲಿ ಬರಬೇಡಿ. ಡಿಸ್ಚಾರ್ಜ್ ಸಮ್ಮರಿ, ಕೊನೆಯ ರಕ್ತದ ರಿಪೋರ್ಟ್, ಮಾತ್ರೆ ಚೀಟಿ ಕೇಳಿ ತಗೊಳ್ಳಿ. ರಾತ್ರಿ ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದ್ರೆ ಅಲ್ಲಿಯ ಡಾಕ್ಟರ್ ಮೊದಲು ಕೇಳೋದು ಅದನ್ನೇ. ಪೂರ್ತಿ ಕೇಸ್ ಶೀಟ್ ಬೇಕಾದ್ರೆ ಬರೆದು ಕೊಡಿ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಡೆಂಗ್ಯೂ ಆದ್ರೆ ಇನ್ನೊಂದು ವಿಷಯ: ಮೈಕೈ ನೋವಿಗೆ ಅಂತ ಮೆಡಿಕಲ್‌ನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ತಗೋಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಪ್ಯಾರಾಸಿಟಮಾಲ್ ಮಾತ್ರ, ಅದೂ ಡಾಕ್ಟರ್ ಹೇಳಿದಷ್ಟೇ.

ಚಿಕ್ಕಪ್ಪ ಎರಡನೇ ಸಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ರು. 'ಮನೇಲಿ ರಾತ್ರಿ ಬಿಪಿ ನೋಡೋರು ಯಾರೋ?' ಅಂದ್ರು. ಆಮೇಲೆ ಫಾರ್ಮ್ ಮಡಚಿ ಸಿಸ್ಟರ್ ಕೈಗೆ ಕೊಟ್ಟು, ಸಂತೆಗೆ ತಮ್ಮ ಮಗನನ್ನ ಕೂರಿಸೋಕೆ ಫೋನ್ ಹಚ್ಚಿದ್ರು. ಶುಕ್ರವಾರ ಡಾಕ್ಟರೇ ಡಿಸ್ಚಾರ್ಜ್ ಬರೆದ್ರು. ಅವರಿಗೆ ಏನೂ ಆಗಲಿಲ್ಲ. ಬುಧವಾರವೇ ಹೋಗಿದ್ರೂ ಏನೂ ಆಗ್ತಿರಲಿಲ್ಲವೇನೋ. ಆದ್ರೆ ಉಳಿದಿದ್ದೂ ಗೊತ್ತಿದ್ದೇ ಉಳಿದ್ರು, ಹೋಗಿದ್ರೂ ಗೊತ್ತಿದ್ದೇ ಹೋಗ್ತಿದ್ರು.