ಸಾವಿರ ಹುಣ್ಣಿಮೆ ಕಂಡ ಅಜ್ಜಿಗೆ ಮೂರು ಇಮೋಜಿ

ಮನೆಯ ಹಿರಿಯ ಜೀವಕ್ಕೆ 81 ತುಂಬುವುದು ನಮ್ಮಲ್ಲಿ ಬರೀ ಹುಟ್ಟಿದಹಬ್ಬವಲ್ಲ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹಾಗೆ ಸಾವಿರ ಹುಣ್ಣಿಮೆ ಕಳೆಯಲು ಸುಮಾರು 80 ವರ್ಷ 10 ತಿಂಗಳು ಬೇಕು. ಅಂದರೆ 81ನೆಯ ಹುಟ್ಟುಹಬ್ಬದ ದಿನ ಅಜ್ಜಿಯ ಲೆಕ್ಕದಲ್ಲಿ ಸಾವಿರ ಹುಣ್ಣಿಮೆ ದಾಟಿರುತ್ತದೆ. ಇದೇ ಸಹಸ್ರ ಚಂದ್ರ ದರ್ಶನ. ಶಾಂತಿ ಮಾಡಿಸುವ ದಿನದ ಎಣಿಕೆ ಮನೆಯಿಂದ ಮನೆಗೆ ತುಸು ಹಿಂದೆಮುಂದೆ ಆಗುತ್ತದೆ, ಆದರೆ ಆಸುಪಾಸು ಇದೇ ವಯಸ್ಸು.

ಇಂಥ ಅಜ್ಜಿಗೆ ದೂರದ ಊರಿನಲ್ಲಿರುವ ಮೊಮ್ಮಗಳು ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆಯಬೇಕು. ಬರೆಯುವುದೇನು, ಜೊತೆಗೆ ಯಾವ ಇಮೋಜಿ ಹಾಕುವುದು?

ಬಹಳ ಮಂದಿ ಕಳಿಸುವ ಸಿದ್ಧ ಸಂದೇಶ ಹೀಗಿರುತ್ತದೆ: “ಅಜ್ಜಿ 💐💐🙏🙏”. ಕಳಿಸಿದವರ ಮನಸ್ಸಿನಲ್ಲಿ ಇರುವುದು ಹೂಗುಚ್ಛ ಮತ್ತು ನಮಸ್ಕಾರ. ಆದರೆ ಕುಟುಂಬದ ಗ್ರೂಪುಗಳಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದಾಗ “ಓಂ ಶಾಂತಿ” ಎನ್ನುವುದರ ಪಕ್ಕದಲ್ಲಿ ಸಾಲುಗಟ್ಟಿ ಬೀಳುವುದೂ ಇದೇ ಜೋಡಿ. ಫೋನಿನ ಪರದೆಯ ಮೇಲೆ ಸಂದೇಶದ ಮೊದಲ ನಾಲ್ಕೈದು ಪದ ಮಾತ್ರ ಕಾಣುವುದರಿಂದ, 81ರ ಅಜ್ಜಿಯ ಹೆಸರಿನ ಪಕ್ಕ ಹೂಗುಚ್ಛ ಮತ್ತು ಮುಗಿದ ಕೈ ನೋಡಿದ ನೆಂಟರು ಗಾಬರಿಯಿಂದ ಫೋನ್ ಮಾಡಿದರೆ ತಪ್ಪಿಲ್ಲ. ಆದ್ದರಿಂದ “ಹುಟ್ಟಿದಹಬ್ಬ” ಎಂಬ ಮಾತು ಮೊದಲ ಸಾಲಿನಲ್ಲೇ ಬರಬೇಕು, ಇಮೋಜಿ ಅದರ ಹಿಂದೆ ಬರಬೇಕು.

ಈ ಚಿತ್ರಗಳ ತವರು ಜಪಾನ್ ಎಂಬುದನ್ನೂ ಮರೆಯುವಂತಿಲ್ಲ. 1999ರಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿಯ ಮೊಬೈಲುಗಳಿಗಾಗಿ ಶಿಗೆತಾಕ ಕುರಿತ ಎಂಬುವವರು 176 ಪುಟ್ಟ ಚಿತ್ರ ರಚಿಸಿದರು. ಉದ್ದಕ್ಕೆ 12, ಅಗಲಕ್ಕೆ 12 ಚುಕ್ಕಿಗಳಲ್ಲಿ ಪ್ರತಿ ಚಿತ್ರವೂ ಮುಗಿಯಬೇಕಿತ್ತು. 2010ರಲ್ಲಿ ಯೂನಿಕೋಡ್ ನೂರಾರು ಇಮೋಜಿಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಆಮೇಲೆ ಅವು ಎಲ್ಲ ಕಂಪನಿಯ ಫೋನುಗಳಿಗೂ ಹರಡಿದವು. ಹೀಗಾಗಿ ಹೂವಿನ ಸಾಲಿನಲ್ಲಿ ಮಲ್ಲಿಗೆಗೂ ಕನಕಾಂಬರಕ್ಕೂ ಜಾಗವಿಲ್ಲ. 🌸 ಜಪಾನಿನ ಚೆರ್ರಿ ಹೂವು. ಮಲ್ಲಿಗೆಯೆಂದು ಕೆಲವರು ಹಾಕುವ 💮 ನಿಜವಾಗಿ ಹೂವಿನ ಚಿತ್ರವೇ ಅಲ್ಲ, ಜಪಾನಿನ ಮೇಷ್ಟ್ರು ಚೆನ್ನಾಗಿ ಬರೆದ ಮಕ್ಕಳ ಪುಸ್ತಕಕ್ಕೆ ಒತ್ತುವ ಮೊಹರು. ಕಳಶವೆಂದು ಭಾವಿಸಿ ಒತ್ತುವ ⚱️ ಇನ್ನೂ ಅಪಾಯದ್ದು. ಅದು ಚಿತಾಭಸ್ಮದ ಪಾತ್ರೆ.

ನಮ್ಮ ಅಂಗಳದ್ದೇ ಎನ್ನಬಹುದಾದ ಹೂವೊಂದು ಆ ಸಾಲಿನಲ್ಲಿದೆ: 🌺. ಅದು ದಾಸವಾಳ. ಬೆಳಗ್ಗೆ ಪೂಜೆಗೆ ಹಿತ್ತಲಿನ ದಾಸವಾಳ ಕೊಯ್ಯುವ ಅಜ್ಜಿಯಾದರೆ ಅವರಿಗೆ ಇದಕ್ಕಿಂತ ಹತ್ತಿರದ ಹೂವು ಬೇರೆ ಸಿಗದು.

ಈಗ ಮೊಮ್ಮಗಳು ಬರೆಯಬಹುದಾದ ಸಂದೇಶವನ್ನು ನೋಡೋಣ:

“ಅಜ್ಜಿ, ಇವತ್ತು ನಿನ್ನ ಹುಟ್ಟಿದಹಬ್ಬ. ಇಲ್ಲಿಂದಲೇ ಕಾಲಿಗೆ ಬೀಳ್ತಿದೀನಿ, ಆಶೀರ್ವಾದ ಮಾಡು 🙏 ನಿಂಗೆ 81 ತುಂಬ್ತು ಅಂದ್ರೆ ಸಾವಿರ ಹುಣ್ಣಿಮೆ ನೋಡಿದೀಯ ಅಂತ ಲೆಕ್ಕ 🌕 ನೀನು ಕೊಟ್ಟ ಮೆಂತ್ಯದ ಹಿಟ್ಟು ನಿನ್ನೆ ಮುಗೀತು. ಡಬ್ಬಿ ತೊಳೆದಿಟ್ಟಿದೀನಿ, ಯುಗಾದಿಗೆ ಬಂದು ತುಂಬಿಸ್ಕೊಂಡು ಹೋಗ್ತೀನಿ. ಅಲ್ಲಿವರೆಗೂ ಮಂಡಿನೋವಿನ ಮಾತ್ರೆ ತಪ್ಪಿಸಬೇಡ. ಬೆಳಗ್ಗೆ ದಾಸವಾಳ ಕೊಯ್ಯೋವಾಗ ನಂದೂ ಒಂದು ಹೂವು ಇಡು 🌺”

ಇಲ್ಲಿ “ನೀನು” ಎಂದಿರುವುದು ಅಗೌರವವಲ್ಲ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜಿಯನ್ನು ಕರೆಯುವುದೇ ಹಾಗೆ. “ನೀವು” ಎನ್ನುವ ಮನೆಯವರು “ನೀವು” ಎಂದೇ ಬರೆಯಬೇಕು. ದಿನವೂ “ನೀನು” ಎನ್ನುವ ಮಗು ಹುಟ್ಟುಹಬ್ಬದಂದು ಮಾತ್ರ “ತಮಗೆ ಹಾರ್ದಿಕ ಶುಭಾಶಯಗಳು” ಎಂದು ಬರೆದರೆ ಅಜ್ಜಿಗೆ ಅದು ಯಾರೋ ಅಧಿಕಾರಿಯ ಕಾಗದದಂತೆ ಕಾಣುತ್ತದೆ.

“ನೂರು ವರ್ಷ ಬಾಳು” ಎಂಬ ಮಾತೂ ಈ ಸಂದೇಶದಲ್ಲಿಲ್ಲ. ಅದು ದೊಡ್ಡವರು ಚಿಕ್ಕವರ ತಲೆ ಮೇಲೆ ಕೈಯಿಟ್ಟು ಹೇಳುವ ಮಾತು. ಮೇಲಾಗಿ 81ರವರಿಗೆ ನೂರು ಎಂದರೆ ಇನ್ನು ಹತ್ತೊಂಬತ್ತೇ ವರ್ಷ ಎಂದು ಗೆರೆ ಎಳೆದಂತೆ. ಚಿಕ್ಕವರು ಆಶೀರ್ವಾದ ಕೇಳಬೇಕು, ಆ ಕೆಲಸಕ್ಕೆ 🙏 ಸರಿಯಾದ ಜೊತೆ. ವಾಕ್ಯದಲ್ಲಿ ಹುಟ್ಟಿದಹಬ್ಬವೂ ಆಶೀರ್ವಾದವೂ ಮೊದಲೇ ಬಂದಿರುವುದರಿಂದ ಅದನ್ನು ಇನ್ನು ಯಾರೂ ಬೇರೆ ಅರ್ಥದಲ್ಲಿ ಓದಲಾರರು. 🌕 ಕೂಡ ಹುಣ್ಣಿಮೆಯ ಮಾತಿನ ಪಕ್ಕದಲ್ಲೇ ನಿಂತಿದೆ. ಅದನ್ನು ಆರಿಸುವಾಗ ಕೊಂಚ ನೋಡಿ ಒತ್ತಬೇಕು, ಏಕೆಂದರೆ ಅದೇ ಸಾಲಿನಲ್ಲಿರುವ 🌚 ಅಮಾವಾಸ್ಯೆಯ ಚಂದ್ರ.

ಮೂರೇ ಇಮೋಜಿ ಏಕೆಂದರೆ ಕಣ್ಣಿನ ಪ್ರಶ್ನೆಯೂ ಇದೆ. ಪೊರೆ ಬಂದ ಕಣ್ಣಿಗೆ 😂 ಮತ್ತು 😭 ಎರಡೂ ನೀರು ಸುರಿಸುವ ಒಂದೇ ಹಳದಿ ಮುಖ. ಬೇರೆಬೇರೆ ಆಕಾರ, ಬಣ್ಣದ ಮೂರು ಚಿತ್ರಗಳು ಬಿಡಿಬಿಡಿಯಾಗಿ ನಿಂತರೆ ಗುರುತು ಸಿಗುತ್ತವೆ. ಪರದೆಯ ಮೇಲಿದ್ದುದನ್ನು ಫೋನೇ ಓದಿ ಹೇಳುವ ಸೌಲಭ್ಯ ಬಳಸುವವರಿಗೆ ಇನ್ನೊಂದು ತೊಂದರೆ. ಅದು ಪ್ರತಿ ಇಮೋಜಿಯ ಹೆಸರನ್ನೂ ಹೇಳುತ್ತದೆ, ಸಾಲುಸಾಲು ಹೃದಯ ಹಾಕಿದರೆ ಅಕ್ಕರೆಯ ಮಾತು ಆ ಹೆಸರುಗಳ ನಡುವೆ ಕಳೆದುಹೋಗುತ್ತದೆ.

ಫೋನಿನ ವಯಸ್ಸನ್ನೂ ಗಮನಿಸಬೇಕು. ಅಜ್ಜಿಯ ಕೈಯಲ್ಲಿರುವುದು ಎಷ್ಟೋ ಸಲ ಮಗನೋ ಮಗಳೋ ಬಳಸಿ ಬಿಟ್ಟ ಹಳೇ ಫೋನು. ಹುಟ್ಟಿದಹಬ್ಬಕ್ಕೆ ದೀಪ ಹಚ್ಚಿ ಆರತಿ ಎತ್ತುವ ಮನೆಗೆ ಮೇಣದಬತ್ತಿಯ 🎂 ಗಿಂತ ಮಣ್ಣಿನ ಹಣತೆ 🪔 ಹೆಚ್ಚು ಹೊಂದುತ್ತದೆ, ನಿಜ. ಆದರೆ ಹಣತೆ ಯೂನಿಕೋಡ್ ಪಟ್ಟಿಗೆ ಸೇರಿದ್ದು 2019ರಲ್ಲಿ, ತಾವರೆ 🪷 ಸೇರಿದ್ದು 2021ರಲ್ಲಿ. ಅದಕ್ಕಿಂತ ಹಿಂದಿನ, ಅಪ್‌ಡೇಟ್ ಆಗದ ಫೋನಿನಲ್ಲಿ ಅವುಗಳ ಜಾಗದಲ್ಲಿ ಖಾಲಿ ಚೌಕ ಕಾಣುವ ಸಾಧ್ಯತೆ ಇದೆ. ಮೇಲಿನ ಸಂದೇಶದ 🙏, 🌕, 🌺 ಮೂರೂ 2010ರ ಪಟ್ಟಿಯವು, ಹಳೇ ಫೋನಿನಲ್ಲೂ ಮೂಡುತ್ತವೆ. ಅನುಮಾನವಿದ್ದರೆ ಹಿಂದಿನ ದಿನವೇ ಮನೆಯಲ್ಲಿರುವ ಅತ್ತೆಗೋ ಚಿಕ್ಕಪ್ಪನಿಗೋ ಹೇಳಿ, ಅಜ್ಜಿಯ ಫೋನಿನಲ್ಲಿ ಇಂಥ ಚಿತ್ರ ಕಾಣುತ್ತದೆಯೇ ಎಂದು ನೋಡಿಸಬಹುದು.

ಎಲ್ಲ ಅಜ್ಜಿಯರೂ ತಾವೇ ಓದಿಕೊಳ್ಳುವುದಿಲ್ಲ. ಕನ್ನಡಕ ಹುಡುಕುವಷ್ಟರಲ್ಲಿ ಪಕ್ಕದಲ್ಲಿದ್ದವರು ಗಟ್ಟಿಯಾಗಿ ಓದಿ ಹೇಳಿಬಿಡುತ್ತಾರೆ. ಆಗ ಇಮೋಜಿಗಳು ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ಕಳಿಸುವ ಮುನ್ನ ಮೂರೂ ಚಿತ್ರಗಳನ್ನು ಬಿಟ್ಟು ಒಮ್ಮೆ ಬಾಯಿಬಿಟ್ಟು ಓದಿನೋಡಿ. ಹುಣ್ಣಿಮೆಯ ಲೆಕ್ಕ, ಮೆಂತ್ಯದ ಹಿಟ್ಟಿನ ಡಬ್ಬಿ, ಮಂಡಿನೋವಿನ ಮಾತ್ರೆ, ದಾಸವಾಳ ಇಷ್ಟೂ ಮಾತಿನಲ್ಲೇ ಬಂದಿದ್ದರೆ ಸಂದೇಶ ಗಟ್ಟಿಯಾಗಿದೆ. ಕುಟುಂಬದ ಗ್ರೂಪಿಗೆ ಆಮೇಲೆ ಹಾಕಿದರೂ ನಡೆದೀತು, ಮೊದಲು ಅಜ್ಜಿಯ ನಂಬರಿಗೇ ಕಳಿಸಿ.